ಜ್ವರ ಬಂದ ಮಗುವಿಗೆ ಪ್ಯಾರಸಿಟಮಾಲ್: ತೂಕ ನೋಡಿ ಅಳತೆ ಮಾಡಿ

ಮಕ್ಕಳ ಕ್ಲಿನಿಕ್, ವಿಜಯನಗರ, ಬೆಂಗಳೂರು. ಫ್ರಿಜ್ ಮೇಲೆ ಅಂಟಿಸಿಟ್ಟುಕೊಳ್ಳಿ.

ಪ್ರಮಾಣವನ್ನು ನಿರ್ಧರಿಸುವುದು ವಯಸ್ಸಲ್ಲ, ತೂಕ. ಒಂದು ಕೆ.ಜಿ.ಗೆ ಒಂದು ಸಲಕ್ಕೆ ಗರಿಷ್ಠ 15 ಮಿ.ಗ್ರಾಂ. ಮಗುವಿನ ತೂಕ ಎರಡು ಸಾಲುಗಳ ನಡುವೆ ಬಂದರೆ ಮೇಲಿನ ಸಾಲಿನ, ಅಂದರೆ ಕಡಿಮೆ ತೂಕದ ಅಳತೆ ಕೊಡಿ.

| ತೂಕ | ಡ್ರಾಪ್ಸ್ (1 ಮಿ.ಲೀ.ಗೆ 100 ಮಿ.ಗ್ರಾಂ) | ಸಿರಪ್ (5 ಮಿ.ಲೀ.ಗೆ 120 ಅಥವಾ 125) | ಸಿರಪ್ (5 ಮಿ.ಲೀ.ಗೆ 250) |
|---|---|---|---|
| 6 ಕೆ.ಜಿ. | 0.9 ಮಿ.ಲೀ. | 3.5 ಮಿ.ಲೀ. | ಬೇಡ |
| 8 | 1.2 | 4.5 | ಬೇಡ |
| 10 | 1.5 | 6 | 3 |
| 12 | 1.8 | 7 | 3.5 |
| 15 | ಬೇಡ | 9 | 4.5 |
| 20 | ಬೇಡ | 12 | 6 |
| 25 | ಬೇಡ | ಬೇಡ | 7.5 |
| 30 | ಬೇಡ | ಬೇಡ | 9 |

6 ಕೆ.ಜಿ.ಗಿಂತ ಕಡಿಮೆ ಇದ್ದರೆ ನಮ್ಮನ್ನು ಕೇಳಿ ಕೊಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ದಾಟಿದರೆ ಮನೆಯಲ್ಲಿ ಔಷಧಿ ಹಾಕಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆತನ್ನಿ.

ಬಾಟಲಿ ಓದಿ. ಡ್ರಾಪ್ಸ್ ಚಿಕ್ಕ ಬಾಟಲಿಯಲ್ಲಿರುತ್ತದೆ, ಆದರೆ ಸಿರಪ್‌ಗಿಂತ ತುಂಬಾ ಗಟ್ಟಿ ಔಷಧಿ. 10 ಕೆ.ಜಿ. ಮಗುವಿಗೆ ಸಿರಪ್ ಅಂದುಕೊಂಡು 6 ಮಿ.ಲೀ. ಡ್ರಾಪ್ಸ್ ಕುಡಿಸಿದರೆ ಒಂದೇ ಗುಟುಕಿಗೆ 600 ಮಿ.ಗ್ರಾಂ, ಒಂದು ಇಡೀ ದಿನದ ಮಿತಿ ಮುಗಿಯಿತು. ಅಡುಗೆಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಅಥವಾ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ ಬಳಸಿ.

ಅಂತರ. ಆರು ಗಂಟೆಗೊಮ್ಮೆ ಸಾಕು. ನಾಲ್ಕು ಗಂಟೆಯಾಗುವ ಮೊದಲು ಯಾವ ಕಾರಣಕ್ಕೂ ಬೇಡ. 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು. ಜ್ವರ ಇಳಿಯಲು ಒಂದು ಗಂಟೆಯಾದರೂ ಬೇಕು, ಇಳಿದದ್ದು ಮತ್ತೆ ಏರುವುದೂ ಸಹಜ; ಅದಕ್ಕಾಗಿ ಎರಡು ಪಟ್ಟು ಕೊಡಬೇಡಿ. ಮಲಗಿದ ಮಗುವನ್ನು ಎಬ್ಬಿಸಬೇಡಿ. ಕುಡಿಸಿ ಅರ್ಧ ಗಂಟೆಯ ಮೇಲೆ ವಾಂತಿಯಾದರೆ ಮತ್ತೆ ಹಾಕಬೇಡಿ.

ಅಮ್ಮ ಆಫೀಸಿಗೆ ಹೋದಮೇಲೆ ಅಜ್ಜಿ ಒಮ್ಮೆ, ಸಂಜೆ ಅಪ್ಪ ಇನ್ನೊಮ್ಮೆ ಕೊಡುವ ಮನೆಗಳಲ್ಲಿ ಲೆಕ್ಕ ತಪ್ಪುತ್ತದೆ. ಕೊಟ್ಟ ಕೂಡಲೇ ಗಂಟೆ, ಅಳತೆ ಇದೇ ಹಾಳೆಯ ಹಿಂದೆ ಬರೆಯಿರಿ. ನೆಗಡಿ-ಕೆಮ್ಮಿನ ಎಷ್ಟೋ ಸಿರಪ್‌ಗಳಲ್ಲಿ ಪ್ಯಾರಸಿಟಮಾಲ್ ಸೇರಿರುತ್ತದೆ, ಎರಡನ್ನೂ ಒಟ್ಟಿಗೆ ಕೊಡಬೇಡಿ. ಡೆಂಗಿ ಇರುವ ಮಳೆಗಾಲದಲ್ಲಿ ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್, ಆ್ಯಸ್ಪಿರಿನ್ ನೀವಾಗಿ ಕೊಡಲೇಬೇಡಿ. ಲಿವರ್ ತೊಂದರೆ ಇರುವ ಮಗುವಿಗೆ ಪ್ಯಾರಸಿಟಮಾಲ್ ಕೂಡ ಕೇಳದೆ ಬೇಡ.

ಬೇಗ ಕರೆತನ್ನಿ: ಜ್ವರ ಮೂರು ದಿನ ದಾಟಿದರೆ, ಫಿಟ್ಸ್ ಬಂದರೆ, ಉಸಿರಾಟ ಏದುಸಿರಾದರೆ, ಎಂಟು ಗಂಟೆ ಮೂತ್ರ ಹೋಗದಿದ್ದರೆ, ಮಗು ಎಚ್ಚರಿಸಿದರೂ ಮಂಕಾಗಿದ್ದರೆ.

ಹೆಚ್ಚಾಗಿ ಕೊಟ್ಟಿದ್ದರೆ ಅಥವಾ ಮಗುವೇ ಬಾಟಲಿ ಎತ್ತಿ ಕುಡಿದಿದ್ದರೆ, ಚೆನ್ನಾಗಿ ಆಡುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. ಮೊದಲ ದಿನ ಏನೂ ಕಾಣದೆ, ಆಮೇಲೆ ಲಿವರ್‌ಗೆ ಪೆಟ್ಟು ಬೀಳಬಹುದು. ವಾಂತಿ ಮಾಡಿಸಲು ಹೋಗಬೇಡಿ. ಇದಕ್ಕೆ ಪ್ರತಿಮದ್ದು ಇದೆ, ಎಂಟು ಗಂಟೆಯೊಳಗೆ ಸಿಕ್ಕರೆ ಅತ್ಯುತ್ತಮ. ಬಾಟಲಿ ಮತ್ತು ಕುಡಿದ ಸಮಯ ಬರೆದ ಚೀಟಿ ಕೈಯಲ್ಲಿ ಹಿಡಿದು ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ; ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.