ಕಿನ್ನಿಪಿಲಿಗೆ ಒಂದೇ ತಾಸೆ: ಎಲ್‌ಕೆಜಿ ಸರ್ಕಲ್ ಟೈಮ್ ಪಾಠ

ಅಷ್ಟಮಿ ವಾರಕ್ಕೆ ಇದು. ಉಡುಪಿಯಲ್ಲಿ ವಿಟ್ಲಪಿಂಡಿಗೆ ಮೊದ್ಲೇ ಮಕ್ಕಳ ತಲೆಯಲ್ಲಿ ಹುಲಿವೇಷ ಕುಣಿಯೋಕೆ ಶುರುವಾಗಿರ್ತದೆ, ಡೆಸ್ಕು, ಟಿಫಿನ್ ಡಬ್ಬ, ಕುರ್ಚಿ ಎಲ್ಲ ಹುಲಿ ಕುಣಿತಕ್ಕೆ ಬಾರಿಸುವ ತಾಸೆಯೇ ಆಗಿ ಹೋಗ್ತದೆ. ಹಾಗಾಗಿ ಸರದಿ ಕಾಯುದು, ಒಬ್ರಿಗೊಬ್ರು ಪ್ರೀತಿಯಿಂದ ಇರುದು, ಇದನ್ನು ಕಲಿಸೋಕೆ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ. ಎಲ್ಲರಿಗೂ ಬೇಕು, ಇರುದು ಒಂದೇ.

ಮಕ್ಕಳು 22, ವಯಸ್ಸು ನಾಲ್ಕರ ಆಚೀಚೆ. 22 ಮಂದಿಯನ್ನೂ ಒಂದೇ ಸರ್ಕಲ್‌ನಲ್ಲಿ ಕೂರಿಸಬೇಡಿ. ಒಬ್ಬೊಬ್ರಿಗೆ ಕಾಲು ನಿಮಿಷ ಅಂದ್ರೂ ಕೊನೆಯ ಮಗುವಿಗೆ ಬರುವಾಗ ಐದು ನಿಮಿಷ ದಾಟ್ತದೆ, ಆ ವಯಸ್ಸಿಗೆ ಅದು ತುಂಬಾ ಉದ್ದ. 11 ಮಂದಿ ಸರ್ಕಲ್‌ಗೆ, ಉಳಿದ 11 ಮಂದಿ ಇನ್ನೊಬ್ಬ ಟೀಚರ್ ಹತ್ರ ಹುಲಿ ಮುಖಕ್ಕೆ ಬಣ್ಣ ಹಾಕ್ಲಿ, ಆಮೇಲೆ ಅದಲು ಬದಲು. ಒಂದು ಗುಂಪಿಗೆ 15 ನಿಮಿಷ ಸಾಕು.

ಬೇಕಾದ್ದು: ಹಳದಿ ಸಾಕ್ಸಿಗೆ ಕಪ್ಪು ಪಟ್ಟೆ ಬರೆದು, ಎರಡು ಬಟನ್ ಕಣ್ಣು ಹೊಲಿದ ಕಿನ್ನಿಪಿಲಿ, ಅಂದ್ರೆ ಪುಟ್ಟ ಹುಲಿಯ ಕೈಗೊಂಬೆ. ಬಾಯಿಯ ಒಳಗೆ ಕೆಂಪು ಬಟ್ಟೆ ತುಂಡು ಇಡಿ, ಬಾಯಿ ತೆರೆದಾಗ ಕಾಣ್ತದೆ, ಮಕ್ಕಳಿಗೆ ಅದು ಬಹಳ ಇಷ್ಟ. ಒಂದು ಪುಟ್ಟ ತಾಸೆ, ಸಿಗದಿದ್ರೆ ಬಿಸ್ಕತ್ತಿನ ತಗಡು ಡಬ್ಬ, ಕೋಲು ಒಂದೇ ಜೊತೆ. ಮತ್ತೆ ಚೆನ್ನಾಗಿ ಕೆರೆದು ನಯ ಮಾಡಿದ ಒಂದು ತೆಂಗಿನ ಗೆರಟೆ. ಗೆರಟೆ ಯಾಕೆ ಅಂತ ಮುಂದೆ ಗೊತ್ತಾಗ್ತದೆ, ಅದನ್ನು ಮಾತ್ರ ಮರೀಬೇಡಿ.

ಗೊಂಬೆಗೆ ಬೇರೆ ಸ್ವರ ತೆಗೀಲಿಕ್ಕೆ ಬರದಿದ್ರೆ ಚಿಂತೆ ಬೇಡ. ಕಿನ್ನಿಪಿಲಿ ನಿಮ್ಮ ಕಿವಿಯಲ್ಲಿ ಪಿಸುಗುಟ್ಟಲಿ, ನೀವು ಮಕ್ಕಳಿಗೆ ಹೇಳಿ. ನಂಗೆ ಇದೇ ಜಾಸ್ತಿ ಇಷ್ಟ, ಯಾಕೆಂದ್ರೆ ಗುಟ್ಟು ಕೇಳೋಕೆ ಅಂತ ಮಕ್ಕಳೆಲ್ಲ ತಾವಾಗೇ ಸುಮ್ನಾಗ್ತಾರೆ. ನೀವು ಮಾತ್ರ ಗೊಂಬೆಯ ಮುಖವನ್ನೇ ನೋಡಿ, ನೀವು ನೋಡಿದ್ದನ್ನೇ ಮಕ್ಕಳೂ ನೋಡುದು.

ಶುರು. ಗೊಂಬೆ ನಿಮ್ಮ ಶಾಲಿನೊಳಗೆ ಅಡಗಿರಲಿ, ಕಿವಿ ಮಾತ್ರ ಹೊರಗೆ.

ಟೀಚರ್: ಮಕ್ಳೇ, ಇಲ್ಲಿ ಒಬ್ಬ ಬಂದಿದ್ದಾನೆ, ಆದ್ರೆ ಅವನಿಗೆ ನಾಚಿಕೆ. ಜೋರು ಕೂಗಿದ್ರೆ ಒಳಗೆ ಹೋಗ್ತಾನೆ. ಮೆಲ್ಲ ಕರೆಯುವನಾ? ಕಿನ್ನಿಪಿಲೀ...

(ಮಕ್ಕಳು ಮೆಲ್ಲ ಕರೆದ್ರೆ ಹೊರಗೆ ಬರ್ಲಿ. ಕಿರುಚಿದ್ರೆ ಪುನಃ ಒಳಗೆ. ಬೈಯೋದೇನೂ ಬೇಡ, ಎರಡನೇ ಸಲಕ್ಕೆ ಅವ್ರಿಗೇ ಗೊತ್ತಾಗ್ತದೆ.)

ಟೀಚರ್: ಬಂದ! ಎಂತ ಕಿನ್ನಿಪಿಲಿ? (ಕಿವಿ ಕೊಟ್ಟು) ಹೌದಾ? ಅವನಿಗೆ ಅಷ್ಟಮಿಗೆ ಹುಲಿ ಕುಣೀಲಿಕ್ಕೆ ಉಂಟಂತೆ. ತಾಸೆ ಬಾರಿಸ್ಲಿಕ್ಕೆ ಕಲೀಬೇಕಂತೆ. ನಮ್ಮ ಅಕ್ಕನ ಹತ್ರ ತಾಸೆ ಉಂಟಲ್ಲ, ನೋಡುವ.

(ಆಯಾ ಅಕ್ಕ ಸರ್ಕಲ್‌ನಲ್ಲೇ ಕೂತು ಖುಷಿಯಲ್ಲಿ ತಾಸೆ ಬಾರಿಸ್ತಾ ಇರ್ಲಿ. ಕಿನ್ನಿಪಿಲಿ ಹೋಗಿ ಬಾಯಿಯಲ್ಲಿ ಕೋಲು ಕಚ್ಚಿ ಎಳ್ಕೊಂಡು ಬರ್ಲಿ. ಅಕ್ಕ ಏನೂ ಮಾತಾಡುದು ಬೇಡ, ಖಾಲಿ ಕೈ ನೋಡ್ಕೊಂಡು ತಲೆ ತಗ್ಗಿಸಿದ್ರೆ ಸಾಕು.)

ಇಲ್ಲಿ ನಿಲ್ಲಿ. ಐದಾರು ಸೆಕೆಂಡ್ ನೀವೂ ಮಾತಾಡ್ಬೇಡಿ. "ಟೀಚರ್, ಅವ ಕಿತ್ಕೊಂಡ!" ಅಂತ ಯಾರಾದ್ರೂ ಹೇಳಿಯೇ ಹೇಳ್ತಾರೆ.

ಟೀಚರ್: ಅಕ್ಕನ ಮುಖ ನೋಡಿ. ಕಣ್ಣು ಹೇಗುಂಟು? ಬಾಯಿ? ಅಕ್ಕನಿಗೆ ಹೇಗೆ ಆಗಿರ್ಬಹುದು?

(ಉತ್ತರ ಬರುವಷ್ಟು ಹೊತ್ತು ಕಾಯಿರಿ. ತುಳುವಿನಲ್ಲಿ ಬರ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಬರ್ಲಿ, "ಕನ್ನಡದಲ್ಲಿ ಹೇಳು" ಅನ್ಬೇಡಿ. ಮನಸ್ಸಿನ ಸಂಗತಿ ಮಗು ಮನೆಮಾತಲ್ಲೇ ಹೇಳುದು, ಮತ್ತೆ ನೀವು ಅದನ್ನೇ ಕನ್ನಡದಲ್ಲಿ ಒಮ್ಮೆ ಹೇಳಿ ಮುಂದೆ ಹೋದ್ರೆ ಆಯ್ತು.)

ಟೀಚರ್: ಕಿನ್ನಿಪಿಲಿ ಹೇಳ್ತಾನೆ, "ನಂಗೆ ತುಂಬಾ ಆಸೆ ಆಯ್ತು, ಕಾಯ್ಲಿಕ್ಕೆ ಆಗ್ಲಿಲ್ಲ" ಅಂತೆ. ನಿಮಗೂ ಹಾಗೆ ಆಗ್ತದಾ? (ಕೈ ಎತ್ತಲಿ, ನೀವೂ ಎತ್ತಿ.) ಈಗ ಅವ ಎಂತ ಮಾಡ್ಬೇಕು? ಅವನಿಗೆ ಗೊತ್ತಿಲ್ಲ, ನೀವೇ ಹೇಳಿಕೊಡಿ.

ಪಾಠದ ಜೀವ ಇರುದು ಇಲ್ಲಿಯೇ. ತಪ್ಪು ಮಾಡಿದ್ದು ಗೊಂಬೆ, ಹಾಗಾಗಿ ಯಾವ ಮಗುವಿಗೂ ಅವಮಾನ ಇಲ್ಲ, ಬೆಳಿಗ್ಗೆ ತಾನೇ ಪಕ್ಕದವನ ಕ್ರೇಯಾನ್ ಎಳೆದ ಮಗುವೂ ಇಲ್ಲಿ ದೊಡ್ಡ ಜನ ಆಗಿ ಬುದ್ಧಿ ಹೇಳ್ತದೆ. "ನಿನ್ನೆ ನೀನೂ ಹಾಗೇ ಮಾಡಿದ್ದಲ್ವಾ" ಅಂತ ದಯವಿಟ್ಟು ಎತ್ತಬೇಡಿ. "ಸಾರಿ ಹೇಳ್ಬೇಕು" ಅಂತ ಮಕ್ಕಳು ಹೇಳಿದ್ರೆ ಹೇಳ್ಲಿ, ಆದ್ರೆ ಅಲ್ಲಿಗೇ ಬಿಡ್ಬೇಡಿ. "ಸಾರಿ ಹೇಳಿದ, ಆದ್ರೆ ಕೋಲು ಇನ್ನೂ ಅವನ ಬಾಯಿಯಲ್ಲೇ ಉಂಟಲ್ಲ, ಅಕ್ಕನಿಗೆ ಖುಷಿ ಆಯ್ತಾ?" ಅಂತ ಕೇಳಿ. ಕೊಡ್ಬೇಕು ಅಂತ ಅವ್ರ ಬಾಯಿಂದಲೇ ಬರ್ತದೆ.

(ಕಿನ್ನಿಪಿಲಿ ಕೋಲು ವಾಪಸ್ ಕೊಟ್ಟು ಅಕ್ಕನ ಪಕ್ಕ ಕೂರ್ಲಿ.)

ಟೀಚರ್: ಈಗ ಕೇಳ್ತಾನೆ, "ಅಕ್ಕಾ, ನಿಮ್ದಾದ ಮೇಲೆ ನಂಗೆ ಕೊಡ್ತೀರಾ?" ಎಲ್ಲರೂ ಹೇಳುವನಾ?

ಅಕ್ಕ: ಕೊಡ್ತೇನೆ. ನಾನು ಎಂಟು ಸಲ ಬಾರಿಸ್ತೇನೆ, ಮತ್ತೆ ಬಲಗಡೆಯಿಂದ ಎಲ್ಲರಿಗೂ ಎಂಟೆಂಟು, ಕೊನೆಗೆ ನಿಂದು. ಈ ಗೆರಟೆ ಈಗ ನನ್ನ ಬಲಗಡೆಯವರು ಹಿಡ್ಕೊಳ್ಲಿ.

ಗೆರಟೆ ಕೈಯಲ್ಲಿದ್ದವರು ಮುಂದಿನವರು. "ಸ್ವಲ್ಪ ತಾಳು" ಅಂದ್ರೆ ನಾಲ್ಕು ವರ್ಷದ ಮಗುವಿಗೆ ಎಷ್ಟು ಹೊತ್ತು ಅಂತ ಗೊತ್ತಾಗುದಿಲ್ಲ, ಕೈ ಖಾಲಿ ಇದ್ರೆ ಆ ಕೈ ಇನ್ನೊಬ್ರದ್ದಕ್ಕೇ ಹೋಗ್ತದೆ. ಗೆರಟೆ ಇದ್ರೆ ತನ್ನ ಸರದಿ ಬರ್ತಾ ಉಂಟು ಅನ್ನುದು ಮುಟ್ಟಿ ನೋಡ್ಬಹುದು. ಎಂಟು ಎಣಿಸುದು ಎಲ್ಲರ ಕೆಲಸ, ಚಪ್ಪಾಳೆ ತಟ್ತಾ ಎಣಿಸ್ಬೇಕು, ಹಾಗೆ ಕಾಯುವವರಿಗೂ ಕೆಲಸ ಸಿಕ್ತದೆ. ತಾಸೆ ಬಲಗಡೆಗೇ ಹೋಗ್ಲಿ, ಯಾರು ಕೇಳಿದ್ರೂ ಮಧ್ಯದಲ್ಲಿ ದಿಕ್ಕು ಬದಲಿಸ್ಬೇಡಿ. "ಯಾರು ಚಂದ ಕೂತಿದ್ದಾರೋ ಅವ್ರಿಗೆ ಮೊದ್ಲು" ಅನ್ನುದೂ ಬೇಡ. ಸರದಿ ಬಹುಮಾನ ಅಲ್ಲ, ಎಲ್ಲರಿಗೂ ಬರುದು.

ತಾಸೆ ದಾಟಿಸುವಾಗ ಎಲ್ಲರೂ ಹೇಳ್ಲಿ:

ತಾಸೆ ತಾಸೆ ಟಕ ಟಕ
ನಿಂದು ಎಂಟು ಟಕ ಟಕ
ಕೈಗೆ ಕೈಗೆ ದಾಟ್ಲಿ
ನಂದೂ ಬರ್ತದೆ ಟಕ ಟಕ!

ಯಾರಾದ್ರೂ ಬಾರಿಸ್ಲಿಕ್ಕೆ ಒಪ್ಪದಿದ್ರೆ ಒತ್ತಾಯ ಬೇಡ. "ಕಿನ್ನಿಪಿಲಿ ನಿನ್ನ ಬದ್ಲು ಬಾರಿಸ್ಲಾ?" ಅಂತ ಕೇಳಿ, ಹೆಚ್ಚಿನವರು ಗೊಂಬೆಯ ತಲೆ ಹಿಡಿದು ಜೊತೆಗೇ ಬಾರಿಸ್ತಾರೆ. ಯಾರಾದ್ರೂ ಎಂಟಾದ್ರೂ ಕೋಲು ಬಿಡದಿದ್ರೆ ಎಳೀಬೇಡಿ, ಕಿನ್ನಿಪಿಲಿ ಹೋಗಿ ಆ ಮಗುವಿನ ಪಕ್ಕ ಕೂತು "ಬಿಡ್ಲಿಕ್ಕೆ ಕಷ್ಟ ಅಲ್ವಾ? ನಂಗೂ ಕಷ್ಟ ಆಗಿತ್ತು" ಅನ್ಲಿ. ಆಮೇಲೆ "ಯಾರಿಗೆ ಕೊಡ್ಬೇಕು, ನೀನೇ ಕೈಗೆ ಕೊಡ್ತೀಯಾ?" ಅಂತ ಕೇಳಿ. ಕೊಡುದು ಆ ಮಗುವಿನ ಕೆಲಸವೇ ಆಗ್ಬೇಕು, ನಾವು ಕಿತ್ತು ಕೊಟ್ರೆ ಕಿನ್ನಿಪಿಲಿ ಮಾಡಿದ್ದನ್ನೇ ನಾವೂ ಮಾಡಿದ ಹಾಗೆ.

ತಾಸೆ ಸುತ್ತು ಬಂದು ಕೊನೆಗೆ ಕಿನ್ನಿಪಿಲಿ ಹತ್ರ ಬರ್ಲಿ. ಅವ ಇಡೀ ಸರ್ಕಲ್ ಕಾದಿದ್ದಾನೆ, ಎಲ್ಲರೂ ನೋಡಿದ್ದಾರೆ. ಅವನಿಗೂ ಎಂಟು, ಒಂದು ಹೆಚ್ಚು ಬಾರಿಸಿದ್ರೂ ಮಕ್ಕಳು ಹಿಡೀತಾರೆ.

ಟೀಚರ್: ಕಿನ್ನಿಪಿಲಿ ಕೇಳ್ತಾನೆ, ಇವತ್ತು ಅವನಿಗೆ ಯಾರು ಯಾರು ಎಂತ ಸಹಾಯ ಮಾಡಿದ್ರು?

"ಒಳ್ಳೆಯವ, ಜಾಣೆ" ಅಂತ ಬಿಡ್ಬೇಡಿ, ನೀವು ನೋಡಿದ್ದನ್ನು ಹಾಗೆಯೇ ಹೇಳಿ: "ನೀನು ಸರಿದು ಜಾಗ ಮಾಡಿ ಕೊಟ್ಟೆ", "ನೀನು ಅವಳಿಗೋಸ್ಕರ ಎಣಿಸಿದೆ". ಎರಡು ಮೂರು ಸಾಕು. ಆಮೇಲೆ ಗೊಂಬೆ ಪ್ರತಿಯೊಬ್ಬರ ಅಂಗೈಗೆ ಮೂಗು ತಾಗಿಸಿ ಟಾಟಾ ಮಾಡ್ಲಿ, ಅದೂ ಸರದಿಯಲ್ಲೇ.

ಮರುದಿನದಿಂದ ಗೆರಟೆ ಆಟದ ಮೂಲೆಯಲ್ಲಿ ಇರ್ಲಿ. ಅಂಗಳದ ಉಯ್ಯಾಲೆಗೂ ಅದೇ, ನೀರಿನ ನಳ್ಳಿ ಹತ್ರವೂ ಅದೇ. ಜಗಳ ಆದಲ್ಲಿ ಭಾಷಣ ಬೇಡ, "ಗೆರಟೆ ಯಾರ ಹತ್ರ ಉಂಟು?" ಅಂತ ಕೇಳಿ ಸಾಕು. ಮನೆಯವರ ಡೈರಿಯಲ್ಲಿ ಇಷ್ಟು ಬರೀರಿ: "ಈ ವಾರ ಮಕ್ಕಳು ಎಂಟು ಎಣಿಸಿ ಸರದಿ ಬಿಟ್ಟು ಕೊಡ್ಲಿಕ್ಕೆ ಕಲೀತಾ ಇದ್ದಾರೆ. ಮನೆಯಲ್ಲಿ ಅಣ್ಣ ತಂಗಿ ಮೊಬೈಲಿಗೋ ಉಯ್ಯಾಲೆಗೋ ಜಗಳ ಮಾಡಿದ್ರೆ ನೀವೂ ಜೊತೆಗೆ ಎಣಿಸಿ."