ಹಾಸ್ಟೆಲ್ ವೈಫೈ ದಿನಾ ಸಂಜೆ ಕಟ್ ಆಗುವ ಬಗ್ಗೆ

ಕಾಸರಗೋಡು
14 ಜುಲೈ 2025

ಐಟಿ ವಿಭಾಗದ ಮುಖ್ಯಸ್ಥರಿಗೆ,

ಸರ್, ನಮಸ್ಕಾರ.

ಹುಡುಗರ ಹಾಸ್ಟೆಲ್‌ನಲ್ಲಿ ದಿನಾ ಸಂಜೆ ವೈಫೈ ಕೈಕೊಡುತ್ತಿದೆ. ಕಂಪ್ಲೇಂಟ್ ಬುಕ್ಕಿನಲ್ಲಿ ಎರಡು ಸಲ "ನೆಟ್ ಸ್ಲೋ" ಅಂತ ಬರೆದಿದ್ದೆವು. ನಿಮ್ಮವರು ಬಂದರು, ಆದರೆ ಬೆಳಿಗ್ಗೆ 11ಕ್ಕೆ. ಆ ಹೊತ್ತಿಗೆ ಎಲ್ಲಾ ಸರಿಯೇ ಇರುತ್ತದೆ. ರೂಟರ್ ಆಫ್ ಮಾಡಿ, ಆನ್ ಮಾಡಿ ಹೋದರು. ನಾವು ಬರೆದದ್ದೂ ತಪ್ಪೇ, ಇದು ಸ್ಲೋ ಆಗುವ ತೊಂದರೆ ಅಲ್ಲ. ಅದಕ್ಕೇ ಜುಲೈ 7ರಿಂದ 13ರವರೆಗೆ ದಿನವೂ ನೋಡಿ ಗುರುತು ಹಾಕಿಕೊಂಡಿದ್ದೇವೆ.

ಏಳೂವರೆಗೆ ಮೆಸ್‌ಗೆ ಹೋಗುತ್ತೇವೆ. ಅಲ್ಲಿ ವೈಫೈ ಸಿಗುವುದಿಲ್ಲ. ಎಂಟೂಕಾಲಿಗೆ ರೂಮಿಗೆ ಬಂದರೆ ಸಿಗ್ನಲ್ ಫುಲ್ ಇರುತ್ತದೆ, ಪಾಸ್‌ವರ್ಡೂ ತಗೊಳ್ಳುತ್ತದೆ, ಆಮೇಲೆ ಐಪಿ ವಿಳಾಸ ಹುಡುಕುತ್ತಾ ಫೋನ್ ಸುಮ್ನೆ ಸುತ್ತುತ್ತಲೇ ಇರುತ್ತದೆ. ಊಟ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಮಾತ್ರ, ಪಕ್ಕದ ಮಂಚದಲ್ಲೇ, ಚೆನ್ನಾಗಿ ಬರುತ್ತಿರುತ್ತದೆ! ರಾತ್ರಿ ಹನ್ನೊಂದೂವರೆ ದಾಟಿದರೆ ಉಳಿದವರಿಗೂ ಒಬ್ಬೊಬ್ಬರಿಗೇ ಸಿಗುತ್ತದೆ.

ನೆಟ್ ಸಿಗದ ಲ್ಯಾಪ್‌ಟಾಪಿನಲ್ಲಿ `ipconfig /all` ಕೊಟ್ಟಾಗ ಬಂದದ್ದು:

```
Autoconfiguration IPv4 Address : 169.254.83.17
Subnet Mask                    : 255.255.0.0
```

ಅಂದರೆ ಡಿಎಚ್‌ಸಿಪಿಯಿಂದ ವಿಳಾಸ ಬರದೆ ವಿಂಡೋಸ್ ತಾನೇ ಒಂದು ಹಾಕಿಕೊಂಡಿದೆ. ನೆಟ್ ಬರುತ್ತಿದ್ದ ಲ್ಯಾಪ್‌ಟಾಪಿನಲ್ಲಿ ವಿಳಾಸ 192.168.4.231, ಮಾಸ್ಕ್ 255.255.255.0, ಲೀಸ್ ಅರ್ಧ ಗಂಟೆ. ಮೂರೂ ಮಹಡಿಗಳಲ್ಲಿ ಇದೇ 192.168.4 ಸಾಲು. ಈ ಮಾಸ್ಕಿನಲ್ಲಿ ಹೆಚ್ಚೆಂದರೆ 254 ವಿಳಾಸ, ಅದರಲ್ಲೂ ರೂಟರಿಗೆ ಒಂದು ಬೇಕು. ಹಾಸ್ಟೆಲ್‌ನಲ್ಲಿರುವುದು 176 ಜನ. ಫೋನು, ಲ್ಯಾಪ್‌ಟಾಪು ಸೇರಿಸಿದರೆ ಮುನ್ನೂರು ದಾಟುತ್ತದೆ. ಮೆಸ್‌ಗೆ ಹೋದವರ ಲೀಸ್ ಅಷ್ಟರಲ್ಲಿ ಮುಗಿದು, ಆ ವಿಳಾಸ ಇನ್ನೊಬ್ಬರ ಪಾಲಾಗುತ್ತಿದೆ ಅಂತ ನಮ್ಮ ಲೆಕ್ಕ.

ಶನಿವಾರ 12ರಂದು ಒಮ್ಮೆಯೂ ತೊಂದರೆ ಆಗಲಿಲ್ಲ. ಆ ಸಂಜೆ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯವರೆಲ್ಲ ಮನೆಗೆ ಹೋಗಿದ್ದರು. ವಾರ್ಡನ್ ಆಫೀಸಿನ ಕೇಬಲ್ ನೆಟ್‌ವರ್ಕ್ ಬೇರೆ. ಅಲ್ಲಿ ವಾರವಿಡೀ ಕಟ್ ಆಗಿಲ್ಲ. ಹಾಗಾಗಿ ಹೊರಗಿನ ಲೈನಿನ ದೋಷ ಇರಲಾರದು, ಅಲ್ವಾ ಸರ್?

ದಯವಿಟ್ಟು ರಾತ್ರಿ 8ರಿಂದ 9ರ ಡಿಎಚ್‌ಸಿಪಿ ಲಾಗ್ ನೋಡಿ. ವಿಳಾಸ ಖಾಲಿಯಾಗುತ್ತಿರುವುದು ನಿಜವಾದರೆ ಮಾಸ್ಕನ್ನು 255.255.254.0 ಮಾಡಿದರೆ 510 ವಿಳಾಸ ಸಿಗುತ್ತದೆ. ಅಥವಾ ಮಹಡಿಗೊಂದು ಸಾಲು ಕೊಡಬಹುದು. ಅದು ನಿಮಗೆ ಬಿಟ್ಟದ್ದು. ಲೀಸ್ ಮಾತ್ರ ಈಗಲೇ ಜಾಸ್ತಿ ಮಾಡಬೇಡಿ, ಇದ್ದ ವಿಳಾಸವೂ ಬೇಗ ಬಿಡುಗಡೆಯಾಗುವುದಿಲ್ಲ.

ಮೊಬೈಲ್ ಡೇಟಾ ಹಾಕಿಕೊಳ್ಳಿ ಅಂತ ಹೇಳುತ್ತಾರೆ. ಈ ದಪ್ಪ ಮುರಕಲ್ಲಿನ ಗೋಡೆಯೊಳಗೆ ಅದು ಸಿಗಬೇಕಲ್ಲ! ಅಸೈನ್‌ಮೆಂಟ್ ಹಾಕಲು ಹುಡುಗರು ಮಳೆಯಲ್ಲಿ ಕೊಡೆ ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದಾರೆ. ಮುಂದಿನ ಅಸೈನ್‌ಮೆಂಟಿಗೆ 21ರ ರಾತ್ರಿ ಕೊನೆ.

ಈ ಸಲ ಬರುವುದಾದರೆ ದಯವಿಟ್ಟು ಎಂಟೂಕಾಲಿಗೆ ಬನ್ನಿ. ಎರಡನೇ ಮಹಡಿಯ 214ರಲ್ಲಿ ಎರಡೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಯುತ್ತೇವೆ.

ಇಂತಿ ನಿಮ್ಮ ವಿದ್ಯಾರ್ಥಿ,
ಹಾಸ್ಟೆಲ್ ಕಾರ್ಯದರ್ಶಿ, ರೂಮ್ 214