ವಿಷಯ: ಐರೋಲಿಯ ಬ್ಯಾಕೆಂಡ್ ಲೀಡ್ ಕೆಲಸ: ಈಗ ಆಗಲ್ಲ, ಸೆಪ್ಟೆಂಬರ್‌ನಲ್ಲಿ ಮಾತಾಡೋಣ

ಸುಮಾ ಅವರೇ, ನಮಸ್ಕಾರ.

ನವಿ ಮುಂಬೈನ ಐರೋಲಿಯಲ್ಲಿ ನಿಮ್ಮ ಕ್ಲೈಂಟ್‌ಗೆ ಬೇಕಾದ ಬ್ಯಾಕೆಂಡ್ ಲೀಡ್ ಕೆಲಸದ ಬಗ್ಗೆ ನೀವು ಬರೆದ ಮೇಲ್ ಮೊನ್ನೆಯೇ ನೋಡಿದೆ. ಮನೆಯಲ್ಲಿ ಒಂದು ಮಾತು ಕೇಳಿ ಬರೆಯೋಣ ಅಂತ ಎರಡು ದಿನ ತಡ ಮಾಡಿದೆ, ಬೇಜಾರಾಗಬೇಡಿ. ಪುಣೆಗೆ ಬಂದಮೇಲೆ ಕೆಲಸದ ವಿಷಯಕ್ಕೆ ನನಗೆ ಕನ್ನಡದಲ್ಲಿ ಬಂದ ಮೊದಲ ಮೇಲ್ ಇದು. ತುಂಬಾ ಖುಷಿಯಾಯಿತು. ನನ್ನ ಪ್ರೊಫೈಲ್ ಪೂರ್ತಿ ಓದಿ ಬರೆದಿದ್ದೀರಿ ಅನ್ನುವುದೂ ಗೊತ್ತಾಯಿತು.

ನೇರವಾಗಿ ಹೇಳಿಬಿಡುತ್ತೇನೆ. ಈಗ ಕೆಲಸ ಬಿಡುವುದಿಲ್ಲ. ಈ ಪೋಸ್ಟ್‌ಗೆ ನನ್ನ ಹೆಸರು ಇಟ್ಟುಕೊಂಡು ಕಾಯಬೇಡಿ, ಬೇರೆಯವರನ್ನು ನೋಡಿ.

ಸಂಬಳ ಕಡಿಮೆ ಅಂತ ಅಲ್ಲ. ನೀವು ಹೇಳಿದ ರೇಂಜ್ ಚೆನ್ನಾಗಿದೆ. ನಾವು ಔಷಧಿ ಗೋಡೌನ್‌ಗಳ ಸ್ಟಾಕ್ ಸಿಸ್ಟಮ್ ಮಾಡುತ್ತಿದ್ದೇವೆ, ಜೂನ್‌ನಲ್ಲಿ ಗೋ-ಲೈವ್. ಕಳೆದ ತಿಂಗಳು ಟ್ರಯಲ್‌ಗೆ ಅಂತ ಭಿವಂಡಿಗೆ ಹೋಗಿದ್ದೆ. ರಾತ್ರಿ ಹನ್ನೊಂದರ ಹೊತ್ತು, ಲಾರಿ ಹಿಂದೆ ಲಾರಿ ನಿಂತಿತ್ತು. ಲೋಡರ್ ಒಬ್ಬರು ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಸ್ಕ್ಯಾನ್ ಮಾಡಿದರೆ, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಎಂಟು ಸೆಕೆಂಡ್. ಅಷ್ಟು ಹೊತ್ತೂ ಅವರು ಪೆಟ್ಟಿಗೆ ಇಳಿಸಲಿಲ್ಲ, ಇಳಿಸಿದರೆ ಮತ್ತೆ ಎತ್ತಬೇಕಲ್ವಾ. ಒಂದೊಂದು ಸ್ಕ್ಯಾನ್‌ಗೂ ಬ್ಯಾಚ್ ನಂಬರ್, ಎಕ್ಸ್‌ಪೈರಿ ಡೇಟ್ ಎಲ್ಲಾ ಸರ್ವರ್‌ಗೆ ಹೋಗಿ ಬರುವ ಹಾಗೆ ಬರೆದಿದ್ದೆವು. ಆ ಭಾಗದ ಡಿಸೈನ್ ನನ್ನದು. ಈಗ ಆ ದಿನದ ಸ್ಟಾಕ್ ಪಟ್ಟಿಯನ್ನು ಸ್ಕ್ಯಾನರ್‌ನಲ್ಲೇ ಇಟ್ಟು, ಆಮೇಲೆ ಸಿಂಕ್ ಮಾಡುವ ಹಾಗೆ ಬದಲಿಸುತ್ತಿದ್ದೇವೆ, ಅರ್ಧ ಕೆಲಸ ಆಗಿದೆ. ಮುಂದಿನ ಸಲ ಬರುವಾಗ ಇದು ಸರಿಯಾಗಿರುತ್ತದೆ ಅಂತ ಅವರಿಗೆ ನಾನೇ ಹೇಳಿ ಬಂದಿದ್ದೇನೆ. ಟೀಮ್‌ನಲ್ಲಿ ಇಬ್ಬರು ಹೊಸಬರಿದ್ದಾರೆ, ಅವರ ತಲೆಗೆ ಇದನ್ನು ಕಟ್ಟಿ ಹೊರಡಲು ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಕಾರಣ ದುಡ್ಡಿನದ್ದೇ, ಮುಚ್ಚಿಡುವುದೇನಿದೆ. ನಾನು ಇಲ್ಲಿ ಸೇರಿದ್ದು 2021ರ ಆಗಸ್ಟ್‌ನಲ್ಲಿ. ಈ ಆಗಸ್ಟ್‌ಗೆ ಐದು ವರ್ಷ ತುಂಬಿದರೆ ಗ್ರಾಚ್ಯುಯಿಟಿ ಸಿಗುತ್ತದೆ. ವರ್ಷಕ್ಕೆ 15 ದಿನದ ಲೆಕ್ಕ, ತಿಂಗಳಿಗೆ 26 ದಿನ ಅಂತ ಹಿಡಿಯುವುದರಿಂದ ಹತ್ತಿರ ಹತ್ತಿರ ಮೂರು ತಿಂಗಳ ಬೇಸಿಕ್. ಕೋಥ್ರೂಡ್‌ನಲ್ಲಿ ಮನೆ ಸಾಲ ಕಟ್ಟುತ್ತಿರುವವನಿಗೆ ಅದು ಸಣ್ಣ ಮೊತ್ತವಲ್ಲ.

ಹಾಗಾಗಿ ಸೆಪ್ಟೆಂಬರ್ ಮೊದಲ ವಾರ ಒಂದು ಮೇಲ್ ಹಾಕಿ. ಖಂಡಿತ ಮಾತಾಡುತ್ತೇನೆ, ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ನನ್ನ ನೋಟಿಸ್ ಪೀರಿಯಡ್ 90 ದಿನ, ನಿಮ್ಮ ಕ್ಲೈಂಟ್‌ಗೆ ಮೊದಲೇ ಹೇಳಿಬಿಡಿ. ಬೈಔಟ್ ಕೊಡುತ್ತಾರಾದರೆ ಆಗ ನೋಡೋಣ. ಪುಣೆಯಲ್ಲೇ ಇದ್ದರೆ ಒಳ್ಳೆಯದು, ಹಿಂಜವಡಿ, ಬಾಣೇರ್, ಖರಾಡಿ ಎಲ್ಲಿದ್ದರೂ ಸರಿ. ಐರೋಲಿಯಲ್ಲೇ ಆದರೆ ವಾರಕ್ಕೆ ಒಂದು ದಿನ ಬರಬಲ್ಲೆ, ನೀವು ಕೇಳಿದ ಹಾಗೆ ಮೂರು ದಿನ ಘಾಟಿ ಇಳಿದು ಹತ್ತುವುದು ನನ್ನಿಂದ ಆಗುವುದಿಲ್ಲ. ಮಗಳಿನ್ನೂ ಎರಡನೇ ಕ್ಲಾಸು, ಸಂಜೆ ಮನೆಯಲ್ಲಿರಬೇಕು. ಕೆಲಸ ಮಾತ್ರ ಲಾಜಿಸ್ಟಿಕ್ಸ್ ಅಥವಾ ಆಸ್ಪತ್ರೆ ಕಡೆಯದ್ದು ಇರಲಿ, ಕೋಡ್ ಬರೆಯುವುದು ಪೂರ್ತಿ ಬಿಟ್ಟು ಬರೀ ಮೀಟಿಂಗ್‌ನಲ್ಲಿ ಕೂರುವ ಪೋಸ್ಟ್ ಬೇಡ.

ಒಂದು ವಿನಂತಿ. ನನ್ನನ್ನು ಕೇಳದೆ ರೆಸ್ಯೂಮೆ ಎಲ್ಲಿಗೂ ಕಳಿಸಬೇಡಿ. ಮೂರು ವರ್ಷದ ಹಿಂದೆ ಒಂದು ಏಜೆನ್ಸಿಯವರು ಹೀಗೇ ಕೇಳದೆ ಕಳಿಸಿದ್ದರು. ಆಮೇಲೆ ನಾನು ಒಪ್ಪಿ ಇನ್ನೊಬ್ಬರ ಮೂಲಕ ಅದೇ ಕಂಪನಿಗೆ ಹಾಕಿದಾಗ ಡೂಪ್ಲಿಕೇಟ್ ಅಂತ ಬಂತು, ಇಂಟರ್‌ವ್ಯೂ ತನಕವೂ ಹೋಗಲಿಲ್ಲ. ತುಂಬಾ ಆಸೆ ಇಟ್ಟುಕೊಂಡಿದ್ದ ಕೆಲಸ ಅದು. ನೀವು ಹಾಗೆ ಮಾಡುವವರಲ್ಲ ಅಂತ ಮೇಲ್ ನೋಡಿದರೇ ಗೊತ್ತಾಗುತ್ತದೆ, ಆದರೂ ಹೇಳಿಬಿಟ್ಟರೆ ನನಗೆ ಸಮಾಧಾನ.

ಈಗಿನ ಪೋಸ್ಟ್‌ಗೆ ನನ್ನ ಹಳೇ ಸಹೋದ್ಯೋಗಿಯೊಬ್ಬರು ಸರಿಹೋಗಬಹುದು. ಧಾರವಾಡದವರು, ಈಗ ಠಾಣೆಯಲ್ಲಿದ್ದಾರೆ, ಐರೋಲಿ ಅವರಿಗೆ ಹತ್ತಿರ. ಜಾವಾ ಚೆನ್ನಾಗಿ ಬರುತ್ತದೆ, ಜಾಸ್ತಿ ಮಾತಿಲ್ಲ, ಕೆಲಸ ಗಟ್ಟಿ. ಇವತ್ತು ರಾತ್ರಿ ಫೋನ್ ಮಾಡಿ ಕೇಳುತ್ತೇನೆ, ಹೂಂ ಅಂದರೆ ನಾಳೆ ನಂಬರ್ ಕಳಿಸುತ್ತೇನೆ.

ನೆನಪಿಟ್ಟು ಬರೆದದ್ದಕ್ಕೆ ಥ್ಯಾಂಕ್ಸ್.

ಗಿರೀಶ
ಕೋಥ್ರೂಡ್, ಪುಣೆ